ಹತ್ತು ಖಾನೆಗಳಲ್ಲಿ ಹಿಡಿಯದ ಸಂಖ್ಯೆ

ಘೋಣಸಗಿಯಲ್ಲಿ ಬೋಧನಾಭ್ಯಾಸಕ್ಕಿದ್ದಾಗ ಏಳನೆಯ ತರಗತಿಗೆ ಘಾತಾಂಕಗಳ ಪಾಠ ಮಾಡಿದೆ. ಹತ್ತರ ಘಾತಗಳಿಗೆ ಉದಾಹರಣೆಯಾಗಿ ಫೋನ್ ನಂಬರನ್ನು ಆರಿಸಿಕೊಂಡಿದ್ದೆ. ನಂಬರಿನಲ್ಲಿ ಎಷ್ಟು ಅಂಕಿ ಎಂದು ಕೇಳಿದಾಗ ಇಡೀ ತರಗತಿ "ಹತ್ತು" ಎಂದಿತು. ಹಿಂದಿನ ಸಾಲಿನ ಹುಡುಗನೊಬ್ಬ ಮಾತ್ರ ಎದ್ದು ನಿಂತ. "ನಮ್ಮ ಮಾಮಾಂದು ಹನ್ನೆರಡು ಐತ್ರಿ ಸರ್. ಅಂವ ದುಬೈದಾಗ ಅದಾನ್ರಿ. ಫಾರ್ಮಿನ ಖಾನ್ಯಾಗ ಹಿಡೀಲಿಲ್ರಿ" ಎಂದ. ಯಾವುದೋ ಅರ್ಜಿಯಲ್ಲಿ ಹತ್ತೇ ಖಾನೆಗಳಿದ್ದುದರಿಂದ ಮನೆಯವರು ಮೊದಲ ಹತ್ತು ಅಂಕಿ ಬರೆದು ಕೊನೆಯ ಎರಡನ್ನು ಬಿಟ್ಟಿದ್ದರು.

ಹೀಗೆ ಬಿಟ್ಟರೆ ಏನಾಗುತ್ತದೆ ಎಂಬುದನ್ನೇ ಆ ದಿನದ ಪಾಠ ಮಾಡಿಕೊಂಡೆ. ಸಂಯುಕ್ತ ಅರಬ್ ಎಮಿರೇಟ್ಸ್‌ನ ದೇಶದ ಸಂಕೇತ 971. ಅಲ್ಲಿಯ ಮೊಬೈಲ್ ಸಂಖ್ಯೆಗೆ ದೇಶದೊಳಗೆ 9 ಅಂಕಿ, ಅದು 5ರಿಂದ ಶುರುವಾಗುತ್ತದೆ. ಎರಡೂ ಸೇರಿ 12. ಅದರ ಮೊದಲ ಹತ್ತನ್ನು ಮಾತ್ರ ಬರೆದರೆ 9715 ಎಂದು ಆರಂಭವಾಗುವ, ನಮ್ಮದೇ ದೇಶದ ಮೊಬೈಲ್ ನಂಬರಿನಂತೆ ಕಾಣುವ ಸಂಖ್ಯೆಯೊಂದು ಸಿಗುತ್ತದೆ. ನೋಡಿದವರಿಗೆ ತಪ್ಪೆಂದು ತಿಳಿಯುವುದಿಲ್ಲ. ತುರ್ತಿನ ಹೊತ್ತಿನಲ್ಲಿ ಕರೆ ಮಾಡಿದರೆ ಅದು ಮಾಮನಿಗೆ ಹೋಗುವುದಿಲ್ಲ, ನಮ್ಮಲ್ಲೇ ಯಾರೋ ಅಪರಿಚಿತರಿಗೆ ಹೋಗಬಹುದು.

ನಮ್ಮ ನಂಬರಿಗೂ ದೇಶದ ಸಂಕೇತ 91 ಸೇರಿಸಿದರೆ 12 ಅಂಕಿಯೇ ಆಗುತ್ತದೆ. ಮೊತ್ತ ಒಂದೇ, ಹಂಚಿಕೆ ಮಾತ್ರ ಬೇರೆ: ಅವರದು 3 ಮತ್ತು 9, ನಮ್ಮದು 2 ಮತ್ತು 10. ಈ ಹಂಚಿಕೆ ನಮ್ಮ ಜಿಲ್ಲೆಯಲ್ಲೇ ಇನ್ನೊಂದು ರೂಪದಲ್ಲಿದೆ. ವಿಜಯಪುರದ ಸ್ಥಿರ ದೂರವಾಣಿಯ ಊರ ಸಂಕೇತ 8352, ಆಮೇಲೆ 6 ಅಂಕಿಯ ಸ್ಥಳೀಯ ಸಂಖ್ಯೆ. ಬೆಂಗಳೂರಿನ ಸಂಕೇತ 80, ಆಮೇಲೆ 8 ಅಂಕಿ. ಎರಡೂ ಕಡೆ ಒಟ್ಟು ಹತ್ತು. ಆರು ಅಂಕಿಯಿಂದ ಹೆಚ್ಚೆಂದರೆ 10 ಲಕ್ಷ ಸಂಖ್ಯೆಗಳಾಗುತ್ತವೆ, ಎಂಟರಿಂದ 10 ಕೋಟಿ. ದೊಡ್ಡ ಊರಿಗೆ ಹೆಚ್ಚು ಸಂಖ್ಯೆ ಬೇಕು, ಆದ್ದರಿಂದ ಅದರ ಸಂಕೇತ ಚಿಕ್ಕದು.

ದೇಶಗಳ ನಡುವಿನ ವ್ಯತ್ಯಾಸಕ್ಕೂ ಮುಖ್ಯ ಕಾರಣ ಇದೇ. ಒಂದು ಅಂಕಿ ಸೇರಿಸಿದರೆ ಸಂಖ್ಯೆಗಳು ಹತ್ತು ಪಟ್ಟಾಗುತ್ತವೆ. ಕೆಲವೇ ಲಕ್ಷ ಜನರಿರುವ ಮಾಲ್ಡೀವ್ಸ್‌ಗೆ 7 ಅಂಕಿ ಸಾಕು. ಅದಕ್ಕೆ ದೇಶದ ಸಂಕೇತ 960 ಸೇರಿಸಿದರೆ ಸರಿಯಾಗಿ ಹತ್ತಾಗುತ್ತದೆ. ಎಂದರೆ ಹತ್ತು ಅಂಕಿ ಇದ್ದ ಮಾತ್ರಕ್ಕೆ ಅದು ಭಾರತದ ನಂಬರ್ ಎನ್ನಲಾಗದು.

ಇಲ್ಲಿ ಮಕ್ಕಳು ಕೇಳಿದ ಪ್ರಶ್ನೆ ಚೆನ್ನಾಗಿತ್ತು: ದೇಶದ ಸಂಕೇತ ಒಂದೆಡೆ ಎರಡು ಅಂಕಿ, ಒಂದೆಡೆ ಮೂರು ಇದ್ದರೆ ಅದು ಎಲ್ಲಿ ಮುಗಿಯಿತೆಂದು ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ? ಕಪ್ಪುಹಲಗೆಯ ಮೇಲೆ 91, 960, 971 ಮತ್ತು ನೇಪಾಳದ 977 ಬರೆದು ತೋರಿಸಿದೆ. 91 ಭಾರತಕ್ಕೆ ಸಿಕ್ಕಿರುವುದರಿಂದ 91ರಿಂದ ಶುರುವಾಗುವ ಮೂರಂಕಿಯ ಸಂಕೇತ ಬೇರೆ ಯಾವ ದೇಶಕ್ಕೂ ಇಲ್ಲ. 97 ಎಂಬುದು ಯಾವ ದೇಶಕ್ಕೂ ಇಲ್ಲದ್ದರಿಂದ ಯಂತ್ರ ಮೂರನೆಯ ಅಂಕಿಗೂ ಕಾಯುತ್ತದೆ. ಸಂಕೇತ ತಿಳಿದೊಡನೆ ಕರೆಯನ್ನು ಆ ದೇಶದ ಕಡೆಗೆ ಕಳಿಸಬಹುದು. ಉಳಿದ ಅಂಕಿಗಳ ಅರ್ಥ ಆ ದೇಶಕ್ಕೆ ಬಿಟ್ಟದ್ದು. ಹೀಗಾಗಿ ಎಲ್ಲ ದೇಶಗಳ ನಂಬರ್ ಒಂದೇ ಉದ್ದ ಇರಬೇಕಾದ ಅಗತ್ಯವಿಲ್ಲ.

ಆದರೆ ದಾರಿಯ ಪ್ರತಿ ಯಂತ್ರವೂ ಎಷ್ಟು ಅಂಕಿಗಳಿಗೆ ಜಾಗ ಇಟ್ಟುಕೊಳ್ಳಬೇಕೆಂದು ಮೊದಲೇ ತಿಳಿದಿರಬೇಕು. ಅದಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಇ.164 ಎಂಬ ಮಾನಕ ಒಂದು ಮೇಲ್ಮಿತಿ ಹಾಕಿದೆ: ದೇಶದ ಸಂಕೇತವೂ ಸೇರಿ ಹೆಚ್ಚೆಂದರೆ 15 ಅಂಕಿ. 1996ರ ಕೊನೆಯವರೆಗೆ ಈ ಮಿತಿ 12 ಇತ್ತು. ಮುಂದೆ ಹಾಕುವ + ಚಿಹ್ನೆ, ಊರ ಸಂಕೇತದ ಮೊದಲಿನ 0, ನಮ್ಮಿಂದ ವಿದೇಶಕ್ಕೆ ಕರೆ ಮಾಡುವಾಗ ಒತ್ತುವ 00 ಇವು ಲೆಕ್ಕಕ್ಕಿಲ್ಲ. ಅವು ದಾರಿ ತೆರೆಯುವ ಗುರುತುಗಳೇ ಹೊರತು ನಂಬರಿನ ಭಾಗವಲ್ಲ. ಹಾಗಾಗಿ ವಿದೇಶದ ನಂಬರೂ ಬರಬಹುದಾದ ಅರ್ಜಿಯಲ್ಲಿ + ಚಿಹ್ನೆಗೆ ಒಂದು, ಅಂಕಿಗಳಿಗೆ ಹದಿನೈದು ಖಾನೆ ಬೇಕು. ತುಂಬದ ಖಾನೆಗಳು ಖಾಲಿ ಉಳಿದರೆ ತೊಂದರೆಯಿಲ್ಲ.

ಮರುದಿನದ ಪಾಠದಲ್ಲಿ ಮಕ್ಕಳೇ ಒಂದು ಲೆಕ್ಕ ಮಾಡಿದರು. ನಮ್ಮ ಮೊಬೈಲ್ ನಂಬರುಗಳು 6, 7, 8 ಅಥವಾ 9ರಿಂದ ಶುರುವಾಗುತ್ತವೆ. ನಾಲ್ಕು ಆರಂಭ, ಉಳಿದ ಒಂಬತ್ತು ಸ್ಥಾನ: ಹೆಚ್ಚೆಂದರೆ 400 ಕೋಟಿ. ವಿಜಯಪುರದ 8352ರಂಥ ಊರ ಸಂಕೇತಗಳು ಇದರೊಳಗೇ ಜಾಗ ಹಿಡಿದಿರುವುದರಿಂದ ನಿಜವಾಗಿ ಸಿಗುವುದು ಇನ್ನೂ ಕಡಿಮೆ. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು 0 ಒತ್ತಬೇಕೆಂದು ಮಾಡಿದ್ದು ಈ ಇಕ್ಕಟ್ಟನ್ನು ಸಡಿಲಿಸಲಿಕ್ಕೆ. ಮನುಷ್ಯರಲ್ಲದೆ ಯಂತ್ರಗಳೂ ತಮ್ಮತಮ್ಮಲ್ಲಿ ಮಾತಾಡತೊಡಗಿದಾಗ, ಅಂಥ ಸಿಮ್‌ಗಳಿಗೆ ಭಾರತ 13 ಅಂಕಿಯ ಪ್ರತ್ಯೇಕ ಸಂಖ್ಯೆ ಗೊತ್ತುಮಾಡಿತು. 91 ಸೇರಿಸಿದರೆ ಅದು ಸರಿಯಾಗಿ 15. ಅದರಾಚೆ ಇನ್ನೊಂದು ಅಂಕಿಗೂ ಜಾಗವಿಲ್ಲ.