ಇಷ್ಟರಿಂದ ಇಷ್ಟರವರೆಗೆ

ನಾನು ಮೆಡಿಕಲ್ ಕಾಲೇಜಿನ ಫೊರೆನ್ಸಿಕ್ ವಿಭಾಗಕ್ಕೆ ಸೇರಿದ ಕಾಲದಲ್ಲಿ, ಕಾಡಂಚಿನಲ್ಲೋ ಪಾಳುಬಾವಿಯಲ್ಲೋ ಸಿಕ್ಕಿದ ಮೂಳೆಗಳನ್ನು ಪೊಲೀಸರು ಬಿಳಿ ಬಟ್ಟೆಯಲ್ಲಿ ಕಟ್ಟಿ, ಅರಗಿನ ಮುದ್ರೆ ಹಾಕಿ ತರುತ್ತಿದ್ದರು. ಜೊತೆಗಿನ ಪತ್ರದಲ್ಲಿ ಪ್ರಶ್ನೆಗಳ ಸಾಲು ಇರುತ್ತಿತ್ತು: ಮನುಷ್ಯರದೇ, ಗಂಡೋ ಹೆಣ್ಣೋ, ವಯಸ್ಸೆಷ್ಟು, ಸತ್ತು ಎಷ್ಟು ಕಾಲವಾಯಿತು. ಪತ್ರ ತಂದವರು ಬಾಯಲ್ಲಿ ಕೇಳುತ್ತಿದ್ದುದು ಒಂದೇ: “ಸರ್, ಒಂದು ವಯಸ್ಸು ಬರೆದುಕೊಡಿ. ಮಿಸ್ಸಿಂಗ್ ಪಟ್ಟಿಯಲ್ಲಿ ಹುಡುಕಬೇಕು.”

ಇಪ್ಪತ್ತರ ಆಸುಪಾಸಿನವರೆಗೆ ಹಲ್ಲು, ಮೂಳೆಯ ತುದಿಗಳ ಬೆಸುಗೆ ವಯಸ್ಸು ಹೇಳುತ್ತವೆ. ಬೆಳವಣಿಗೆ ಮುಗಿದ ಮೇಲೆ ಸವೆತವನ್ನೇ ಓದಬೇಕು. ಅದಕ್ಕೆ ನಾವು ಮೊದಲು ಹುಡುಕುತ್ತಿದ್ದುದು ಸೊಂಟದ ಮುಂಭಾಗದಲ್ಲಿ ಎಡ ಬಲದ ಪ್ಯೂಬಿಕ್ ಮೂಳೆಗಳು ಎದುರುಬದುರಾಗುವ ಜಾಗವನ್ನು. ಅದೇ ಸಿಂಫಿಸಿಸ್. ನಡುವಿನ ಮೃದ್ವಸ್ಥಿ ಕಳಚಿದರೆ ಹೆಬ್ಬೆರಳಗಲದ, ಉದ್ದುದ್ದನೆಯ ಒಂದು ಮುಖ ಕಾಣುತ್ತದೆ. ಚಾಕುವಿನಿಂದ ಕೆರೆದರೆ ಗುರುತುಗಳೇ ಹೋಗುತ್ತವೆ. ಆದ್ದರಿಂದ ಸೋಪಿನ ಪುಡಿ ಹಾಕಿದ ನೀರಿನಲ್ಲಿ ಸಣ್ಣ ಉರಿಯಲ್ಲಿಟ್ಟು, ಮೆತ್ತಗಾದದ್ದನ್ನು ಬೆರಳಿನಿಂದಲೇ ಬಿಡಿಸುತ್ತಿದ್ದೆವು.

ಒಣಗಿದ ಮೂಳೆಯನ್ನು ಮೇಜಿನ ದೀಪದ ಕೆಳಗೆ ಓರೆಯಾಗಿ ಹಿಡಿದರೆ ನೆರಳು ಗುಟ್ಟು ಬಿಡುತ್ತದೆ. ಹದಿಹರೆಯ ದಾಟುತ್ತಿರುವವರಲ್ಲಿ ಆ ಮುಖ ಆಗತಾನೇ ಉತ್ತ ಹೊಲದಂತೆ ಅಡ್ಡಡ್ಡ ದಿಣ್ಣೆ, ಸಾಲುಗಳಿಂದ ತುಂಬಿರುತ್ತದೆ. ವರ್ಷ ಕಳೆದಂತೆ ದಿಣ್ಣೆಗಳು ತಗ್ಗಿ, ಮುಂದಿನ ಅಂಚಿನಲ್ಲಿ ಹೊಸ ಮೂಳೆ ಕಟ್ಟಿಕೊಂಡು, ಮುಖಕ್ಕೆ ಅಂಡಾಕಾರದ ಸುತ್ತಂಚು ಬರುತ್ತದೆ. ಕೊನೆಗೆ ಮುಖ ಒಳಗಿಳಿದು, ಚುಚ್ಚಿದಂಥ ತೂತುಗಳೆದ್ದು, ಅಂಚು ಒಡೆಯುತ್ತದೆ.

ಈ ಬದಲಾವಣೆಗಳನ್ನು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿದ್ದ ಟಿ. ವಿಂಗೇಟ್ ಟಾಡ್ 1920ರಲ್ಲಿ ಹತ್ತು ಹಂತಗಳಾಗಿ ವಿಂಗಡಿಸಿದ್ದರು. ನಮ್ಮ ವಿಭಾಗದಲ್ಲಿ ನಡೆಯುತ್ತಿದ್ದುದು ಆ ಪಟ್ಟಿಯೇ. ನಾಲ್ಕನೇ ಹಂತವೆಂದರೆ 25-26 ವರ್ಷ, ಆರನೆಯದೆಂದರೆ 30-35. ಪೊಲೀಸರಿಗೆ ಬೇಕಾದ ಉತ್ತರ ಅಲ್ಲಿ ಸಿದ್ಧವಾಗಿತ್ತು. ಆದರೆ ಟಾಡ್ ನೋಡಿದ್ದು ಅಂಗರಚನಾಶಾಸ್ತ್ರ ವಿಭಾಗಕ್ಕೆ ಬಂದ ದೇಹಗಳನ್ನು. ಅವರಲ್ಲಿ ಎಷ್ಟೋ ಜನರ ವಯಸ್ಸಿಗೆ ಗಟ್ಟಿಯಾದ ದಾಖಲೆಯಿರಲಿಲ್ಲ.

ಆಮೇಲೆ ನಮ್ಮ ಕೈಗೆ ಸೂಚಿ-ಬ್ರೂಕ್ಸ್ ಪದ್ಧತಿಯ ಅಚ್ಚುಗಳು ಬಂದವು. ಲಾಸ್ ಏಂಜಲೀಸ್ ಕೌಂಟಿಯ ಶವಾಗಾರದಲ್ಲಿ 1970ರ ದಶಕದ ಕೊನೆಯಲ್ಲಿ, ವಯಸ್ಸು ದಾಖಲೆಯಲ್ಲಿದ್ದವರ ಮೂಳೆಗಳನ್ನು ಸಂಗ್ರಹಿಸಿ, ಜೂಡಿ ಸೂಚಿ ಮತ್ತು ಶೀಲಾ ಬ್ರೂಕ್ಸ್ ರೂಪಿಸಿದ ಪದ್ಧತಿಯಿದು. ಹತ್ತು ಹಂತ ಆರಕ್ಕಿಳಿಯಿತು, ಗಂಡಿಗೂ ಹೆಣ್ಣಿಗೂ ಬೇರೆ ಬೇರೆ ಅಚ್ಚುಗಳಾದವು. ಮೂಳೆಯ ಪಕ್ಕ ಅಚ್ಚನ್ನಿಟ್ಟು ಹೋಲಿಸುವುದು ಓದಿದ ವರ್ಣನೆಗಿಂತ ಎಷ್ಟೋ ನಿಚ್ಚಳ. ಆದರೆ ಉತ್ತರ ಅಗಲವಾಯಿತು. ಗಂಡಸರ ನಾಲ್ಕನೇ ಹಂತದ ಸರಾಸರಿ 35.2 ವರ್ಷ, ವ್ಯಾಪ್ತಿ ಮಾತ್ರ 23ರಿಂದ 57. “ಇಷ್ಟು ಅಗಲ ಹೇಳಿದರೆ ಏನು ಪ್ರಯೋಜನ?” ಎಂದು ವಿಭಾಗದಲ್ಲೇ ಗೊಣಗಾಟವಿತ್ತು.

ಪ್ರಯೋಜನ ಮನದಟ್ಟಾದದ್ದು ಒಂದು ಗಂಟಿನಿಂದ. ಗಂಡಸಿನ ಸೊಂಟ. ಸಿಂಫಿಸಿಸ್‌ನ ಸುತ್ತಂಚು ಬಹುತೇಕ ಪೂರ್ತಿ, ಮುಂಬದಿಯ ಮೇಲ್ತುದಿಯಲ್ಲಿ ಮಾತ್ರ ಒಂದು ಸಣ್ಣ ಬಿರುಕು. ಮುಖ ನಯವಾಗಿ, ಹಿಂಬದಿಯಲ್ಲಿ ಹಳೆಯ ದಿಣ್ಣೆಯ ಮಸುಕು ಉಳಿದಿತ್ತು. ಟಾಡ್ ಪಟ್ಟಿಯಲ್ಲಿ 30-35 ಎನ್ನಬಹುದಾದ ಮೂಳೆ. ಸೂಚಿ-ಬ್ರೂಕ್ಸ್‌ನಲ್ಲಿ ನಾಲ್ಕನೇ ಹಂತ. ಕೊರಳೆಲುಬಿನ ಒಳತುದಿ ಬೆಸುಗೆಯ ಗೆರೆಯೂ ಕಾಣದಷ್ಟು ಕೂಡಿಕೊಂಡಿದ್ದರಿಂದ ಇಪ್ಪತ್ತರ ದಶಕದ ಮೊದಲರ್ಧವನ್ನು ಬಿಡಬಹುದಿತ್ತು. ಮೇಲಿನ ಮಿತಿಯನ್ನು ಕತ್ತರಿಸಲು ಯಾವ ಆಧಾರವೂ ಇರಲಿಲ್ಲ. ಹಾಗೆಯೇ ಬರೆದೆವು. ಪಟ್ಟಿಯಲ್ಲಿದ್ದ, ನಲವತ್ತೈದು ದಾಟಿದ ಒಬ್ಬರನ್ನು ಪೊಲೀಸರು ಆ ಕಾರಣಕ್ಕೆ ಕೈಬಿಡಲಿಲ್ಲ. ತೊಡೆಮೂಳೆಯ ಡಿಎನ್ಎ ಅವರ ಮಗನ ಜೊತೆ ಹೊಂದಿತು. “30-35” ಎಂದು ಬರೆದಿದ್ದರೆ ಆ ಹೆಸರು ಮೊದಲ ದಿನವೇ ಪಟ್ಟಿಯಿಂದ ಹೊರಹೋಗುತ್ತಿತ್ತು.

ಮೂಳೆಯ ಸವೆತ ಎಲ್ಲರಲ್ಲೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಅಂತರ ಕಡಿಮೆ, ಮೂವತ್ತೈದು ದಾಟಿದ ಮೇಲೆ ಒಬ್ಬರಿಗೂ ಇನ್ನೊಬ್ಬರಿಗೂ ದಶಕಗಳ ವ್ಯತ್ಯಾಸ. ಹೆಂಗಸರಲ್ಲಿ ನಾಲ್ಕನೇ ಹಂತ 26ರಿಂದ 70ರವರೆಗೂ ಹರಡಿದೆ. ಅಗಲವಿದ್ದದ್ದು ಮೊದಲಿನಿಂದಲೂ ಮೂಳೆಯಲ್ಲೇ. ಹಳೆಯ ಪಟ್ಟಿ ಅದನ್ನು ತೋರಿಸುತ್ತಿರಲಿಲ್ಲ, ಅಷ್ಟೆ.

ಈಗ ಸಿಟಿ ಸ್ಕ್ಯಾನ್‌ನಲ್ಲಿ ಮೂಳೆ ಬಿಡಿಸದೆಯೇ ಈ ಮುಖವನ್ನು ನೋಡಬಹುದು. ಆದರೂ ಸಣ್ಣ ತೂತು, ಮಸುಕಾದ ದಿಣ್ಣೆ ಅಲ್ಲಿ ತಪ್ಪಿಹೋಗಬಹುದು ಎಂದು ಕಿರಿಯರಿಗೆ ಒಣ ಮೂಳೆಯನ್ನೇ ಮೊದಲು ಕೊಡುತ್ತೇನೆ. ಎರಡೂ ಬದಿ ನೋಡಿ, ಬೇರೆ ಮೂಳೆಗಳ ಜೊತೆ ತಾಳೆ ಹಾಕಿ, ಹಂತವನ್ನೂ ವ್ಯಾಪ್ತಿಯನ್ನೂ ಬರೆಯಿರಿ ಎನ್ನುತ್ತೇನೆ. ಸರಾಸರಿಯನ್ನು ವಯಸ್ಸೆಂದು ಬರೆದ ವರದಿಗೆ ನಾನು ಸಹಿ ಹಾಕುವುದಿಲ್ಲ.