ಹೊಳೆಬಾಗಿಲು ದಾಟಿದ ಆ ಬೇಸಿಗೆ

ಅಮ್ಮಾ, ನಾನು. ಇದಕ್ಕೆ ಉತ್ತರ ಕಳಿಸ್ಬೇಕು ಅಂತೇನಿಲ್ಲ. ಮಲಗೇ ಕೇಳು. ನಡುವೆ ನಿದ್ದೆ ಬಂದ್ರೆ ಬರ್ಲಿ, ಎದ್ದ ಮೇಲೆ ಮತ್ತೆ ಮೊದಲಿಂದ ಹಾಕ್ಕೋ.

ಒಂದು ಬೇಸಿಗೆ ರಜೆಯಲ್ಲಿ ನಾವಿಬ್ಬರೇ ತುಮರಿಗೆ, ಅಜ್ಜಿ ಮನೆಗೆ ಹೊರಟಿದ್ವಲ್ಲ, ಅದನ್ನ ಹೇಳ್ತೀನಿ. ಸಾಗರದಲ್ಲಿ ಬಸ್ ಹತ್ತಿ, ಆವಿನಹಳ್ಳಿ ದಾಟಿ ಹೊಳೆಬಾಗಿಲಿಗೆ ಬಂದ್ವಿ. ಬೇರೆ ದಿನವಾದ್ರೆ ಬಸ್ಸೇ ಮೆಲ್ಲಗೆ ಲಾಂಚ್ ಹತ್ತೋದು. ಆವತ್ತು ಕಂಡಕ್ಟರ್, ‘ನೀರಿಲ್ಲ, ಎಲ್ಲ ಇಳೀರಿ’ ಅಂದ.

ಹಿನ್ನೀರು ಅಷ್ಟು ಕೆಳಗೆ ಹೋದ್ರೆ ಲಾಂಚು ದಡದ ಕಟ್ಟೆಗೆ ತಾಗ್ತಿರ್ಲಿಲ್ಲ, ಗಾಡಿ ಹತ್ತಿಸೋಕಾಗ್ತಿರ್ಲಿಲ್ಲ. ಬರೀ ಜನರನ್ನ ದಾಟಿಸ್ತಿದ್ರು. ಒಡೆದ ಕೆಸರಿನ ಮೇಲೆ ನಡ್ಕೊಂಡು ಇಳಿದ್ವಿ. ನೀನು ಚಪ್ಪಲಿ ಕೈಯಲ್ಲಿ ಹಿಡ್ಕೊಂಡಿದ್ದೆ. ಇನ್ನೊಂದು ಕೈಯಲ್ಲಿ ಹಲಸಿನ ಹಪ್ಪಳದ ಚೀಲ. ಅದನ್ನ ಮಾತ್ರ ನನ್ನ ಕೈಗೆ ಕೊಡ್ಲೇ ಇಲ್ಲ, ಪುಡಿ ಮಾಡ್ತೀಯ ಅಂತ.

ಲಾಂಚ್ ಹೊರಡ್ತು. ನೀರಲ್ಲಿ ಅಲ್ಲಲ್ಲಿ ಮರದ ಬೊಡ್ಡೆ, ಕಪ್ಪಗೆ, ಎಲೆ ಇಲ್ಲ, ಕೊಂಬೆ ಇಲ್ಲ. ‘ಇವು ಯಾಕೆ ಕೊಳೆತಿಲ್ಲ?’ ಅಂತ ಕೇಳ್ದೆ. ‘ಗಟ್ಟಿ ಮರ, ನೀರೊಳಗಿದ್ರೆ ಬೇಗ ಕೊಳೆಯಲ್ಲ’ ಅಂದೆ ನೀನು. ಆಮೇಲೆ ಬೆರಳು ಮಾಡಿ ತೋರಿಸ್ದೆ: ‘ಅಗೋ, ಆ ಎರಡು ಬೊಡ್ಡೆ ನಡುವೆ ನಮ್ಮ ಗದ್ದೆ. ಅದರಾಚೆ ಬಾವಿ. ದಾರಿ ಈ ಕಡೆಯಿಂದ ಇಳೀತಿತ್ತು.’ ನನಗೆ ಕಂಡಿದ್ದು ಬರೀ ನೀರು. ನೀನು ಮಾತ್ರ ಮನೆ ಅಂಗಳದಲ್ಲಿ ನಿಂತವಳ ಹಾಗೆ ಎಡ, ಬಲ ಹೇಳ್ತಾ ಹೋದೆ.

1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದಾಗ ನೀನಿನ್ನೂ ಸಣ್ಣವಳು. ನೀರು ಒಂದೇ ಸಲ ಬರ್ಲಿಲ್ಲ, ಮೊದಲು ಗದ್ದೆಗೆ ಬಂತು, ಆಮೇಲೆ ತೋಟಕ್ಕೆ ಅಂದಿದ್ದೆ. ಅಜ್ಜ ಹೆಂಚು ಇಳಿಸಿ ಗಾಡಿಗೆ ಹೇರಿದ್ದು, ಕೊಟ್ಟಿಗೆ ದನ ಹೊಸ ಜಾಗದಿಂದ ಹಳೇ ಮನೆಗೇ ವಾಪಸ್ ಓಡಿ ಬಂದಿದ್ದು, ಎಲ್ಲಾ ಆವತ್ತು ಆ ಲಾಂಚಲ್ಲೇ ಹೇಳಿದ್ದು. ಆಚೆ ದಡ ಬಂದಾಗ ನನಗೆ ಇಳಿಯೋ ಮನಸ್ಸೇ ಇರ್ಲಿಲ್ಲ.

ತೀರ್ಥಹಳ್ಳಿ ಕಡೆ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಸೀಮೆ ಹಾದು ಬರೋ ಹೊಳೆ ಅಲ್ವಾ ನಾವು ದಾಟಿದ್ದು. ಅಲ್ಲಿ ಮಳೆ ಹಿಡಿದ್ರೆ ಇಲ್ಲಿ ನೀರು ಏರುತ್ತೆ ಅಂತಿದ್ದೆ. ನಾವು ರಜೆ ಮುಗಿಸಿ ವಾಪಸ್ ಬರೋವಾಗ ಹಾಗೇ ಆಗಿತ್ತು, ಆ ಬೊಡ್ಡೆ ಅರ್ಧ ಮುಳುಗಿದ್ವು.

ಈಗ ಅಂಬಾರಗೋಡ್ಲಿಂದ ಕಳಸವಳ್ಳಿಗೆ ಸೇತುವೆ ಆಗಿದೆ. 2025ರ ಜುಲೈ 14ಕ್ಕೆ ಶುರುವಾಯ್ತು. ಅಣ್ಣ ಕಾರಲ್ಲಿ ಹೋಗಿ ಬಂದನಂತೆ, ಕಾಯೋ ಕೆಲಸವೇ ಇಲ್ಲ ಅಂದ. ಗದ್ದೆ ಎಲ್ಲಿತ್ತು ಅಂತ ಕೇಳಿದ್ರೆ ಅವನಿಗೂ ಗೊತ್ತಿಲ್ಲ.

ಅದಕ್ಕೇ ಅಮ್ಮಾ, ಆಯಾಸ ಇಲ್ಲದ ಹೊತ್ತಲ್ಲಿ ಫೋನ್ ಹತ್ತಿರ ಇಟ್ಕೊಂಡು ಆ ಜಾಗದ ಹೆಸರೆಲ್ಲ ಹೇಳಿ ಕಳಿಸು. ಒಂದು ಸಲಕ್ಕೆ ಒಂದೇ ಸಾಕು. ಮೊದಲು ಬಾವಿಯದು.