ಅಪ್ಪನ ಧ್ವನಿ, ನನ್ನ ಮಾತು

ಅಪ್ಪ ತೀರಿಕೊಂಡು ಹತ್ತು ವರ್ಷವಾದಾಗ, ಮೊಮ್ಮಕ್ಕಳಿಗೆ ಅವರ ಗುರುತು ಇರಲಿ ಎಂದು ಆರು ನಿಮಿಷದ ಒಂದು ವಿಡಿಯೊ ಮಾಡಿದೆ. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ನಾವು ಹುಟ್ಟಿ ಬೆಳೆದದ್ದೆಲ್ಲ ನ್ಯೂ ಟೌನ್‌ನ ಕ್ವಾರ್ಟರ್ಸಿನಲ್ಲಿ. ಪಾಳಿಯ ಸೈರನ್ ಕೇಳಿಯೇ ಅಮ್ಮ ಅನ್ನಕ್ಕೆ ಇಡುತ್ತಿದ್ದಳು.

ವಿಡಿಯೊಗೆ ಬೇಕಾದ ಸಾಮಗ್ರಿ ಸ್ವಲ್ಪವೇ ಇತ್ತು. ಗೇಟಿನ ಮುಂದೆ ಅಪ್ಪ ಸಹೋದ್ಯೋಗಿಗಳೊಂದಿಗೆ ನಿಂತ ಒಂದು ಕಪ್ಪು ಬಿಳುಪು ಫೋಟೊ. ನಾನು ಹಾಸ್ಟೆಲಿನಲ್ಲಿದ್ದಾಗ ಅವರು ಬರೆದ ಒಂದು ಇನ್‌ಲ್ಯಾಂಡ್ ಲೆಟರ್. 1988ರಲ್ಲಿ ಹೊಸ ಟೇಪ್ ರೆಕಾರ್ಡರ್ ಬಂದ ಸಂಭ್ರಮದಲ್ಲಿ ಚಿಕ್ಕಪ್ಪ ತುಂಬಿಸಿಟ್ಟಿದ್ದ ಒಂಬತ್ತು ನಿಮಿಷದ ಕ್ಯಾಸೆಟ್. ಅದರಲ್ಲಿ ಅಪ್ಪ ರಾತ್ರಿ ಪಾಳಿಯ ಕಥೆ ಹೇಳುತ್ತಾರೆ. ಅರ್ಧ ಮಾತು ಫ್ಯಾನಿನ ಗದ್ದಲದಲ್ಲಿ ಮುಳುಗಿಹೋಗಿದೆ.

ನನ್ನ ಮಗಳು ಆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ಗದ್ದಲ ತೆಗೆದು, ಸ್ಪಷ್ಟವಾಗಿದ್ದ ಎರಡು ನಿಮಿಷವನ್ನು ಧ್ವನಿ ನಕಲು ಮಾಡುವ ಒಂದು ತಂತ್ರಾಂಶಕ್ಕೆ ಕೊಟ್ಟಳು. ನಾನು ಕನ್ನಡದಲ್ಲಿ ಬರೆದುಕೊಟ್ಟ ಪುಟವನ್ನು ಅದು ಅಪ್ಪನ ಧ್ವನಿಯಲ್ಲಿ ಓದಿತು. ಮೊದಲ ವಾಕ್ಯಕ್ಕೇ ನನಗೆ ಕಣ್ಣು ತುಂಬಿ ಬಂತು. ಫೋಟೊಗೆ ಬಣ್ಣ ಹಚ್ಚಿಸಿದೆವು. ಅಪ್ಪ ತಲೆ ತಿರುಗಿಸಿ ನಗುವ ಹಾಗೂ ಮಾಡಿಸಿದೆವು. ವಿವರಣೆಯ ಕೊನೆಯಲ್ಲಿ ಸಣ್ಣದಾಗಿ ‘ಎಐ ಸಹಾಯದಿಂದ ತಯಾರಿಸಲಾಗಿದೆ’ ಎಂದು ಬರೆದು ಯೂಟ್ಯೂಬಿಗೆ ಹಾಕಿದೆ. ಹೇಳಬೇಕಾದ್ದನ್ನು ಹೇಳಿದ್ದೇನಲ್ಲ ಎಂಬ ಸಮಾಧಾನ ನನ್ನದು.

ವಿಡಿಯೊ ನೆಂಟರನ್ನು ದಾಟಿ ನಿವೃತ್ತ ಕಾರ್ಮಿಕರ ವಾಟ್ಸಾಪ್ ಗುಂಪುಗಳಿಗೆ ಹೋಯಿತು. ನಾಲ್ಕನೇ ದಿನ ಒಬ್ಬ ಹಿರಿಯರು ಫೋನ್ ಮಾಡಿದರು. ಕ್ಯಾಂಟೀನಿನಲ್ಲಿ ಕೆಲಸ ಮಾಡಿದವರಂತೆ.

“ತಾಯಿ, ನಿಮ್ಮ ತಂದೆಯವರು ನನಗೆ ಚೆನ್ನಾಗಿ ಗೊತ್ತು. ಆದ್ರೆ ಅವರ ಬಾಯಲ್ಲಿ ಆ ಮಾತು ಬರಬಾರದಿತ್ತು. ರಾತ್ರಿ ಪಾಳಿಯವರಿಗೆ ಒಂದು ಲೋಟ ಟೀ ಕೊಡೋರು ಇರಲಿಲ್ಲ ಅಂದ್ರಲ್ಲ. ಮಳೆ ಇರಲಿ, ಚಳಿ ಇರಲಿ, ಕ್ಯಾನ್ ಹೊತ್ಕೊಂಡು ಹೋಗಿ ಕೊಟ್ಟವನು ನಾನು. ನನ್ನ ಕೈಯಿಂದ ಅವರೇ ಇಸ್ಕೊಂಡು ಕುಡಿದಿದಾರೆ.”

ಆ ವಾಕ್ಯ ಅಪ್ಪನದಲ್ಲ, ನನ್ನದು. ರಾತ್ರಿ ಪಾಳಿಯ ಕಷ್ಟ ಮನಸ್ಸಿಗೆ ನಾಟಲಿ ಎಂದು ನಾನೇ ಸೇರಿಸಿದ್ದೆ. ಅದನ್ನು ತಿಳಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಂಗಾದ್ರೆ ಉಳಿದಿದ್ದರಲ್ಲಿ ಅವರದ್ದು ಯಾವುದು, ನಿಮ್ಮದು ಯಾವುದು?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಸಂಜೆ ಚಿಕ್ಕಪ್ಪ ಮನೆಗೆ ಬಂದ. “ನಂಗೆ ಮೊದಲೇ ಅನುಮಾನ ಬಂದಿತ್ತು ಪುಟ್ಟಿ. ಅಣ್ಣ ಯಾವತ್ತಾದ್ರೂ ‘ಊದುಕುಲುಮೆ’ ಅಂದವನಾ? ‘ಫರ್ನೇಸ್’ ಅಂತಿದ್ದ. ಮಾತಿನ ಮಧ್ಯೆ ಕೆಮ್ಮದೆ, ಉಸಿರು ತಗೊಳ್ಳದೆ ಇಷ್ಟುದ್ದ ಮಾತಾಡಿದ್ದೂ ಇಲ್ಲ.”

ಅವನು ಹೇಳಿದ ಮೇಲೆ ಮತ್ತೆ ಕೇಳಿದೆ. ಎಲ್ಲ ವಾಕ್ಯಗಳೂ ಒಂದೇ ಓಟ. ಒಂದೆರಡು ಕಡೆ ‘ಳ’ ಹೋಗಿ ‘ಲ’ ಆಗಿತ್ತು. ಚಿತ್ರದಲ್ಲೂ ಅಷ್ಟೇ. ಗೇಟಿನ ಮೇಲಿನ ಬೋರ್ಡಿನ ಕನ್ನಡ ಅಕ್ಷರಗಳು ಅಪ್ಪ ತಲೆ ತಿರುಗಿಸುವಾಗ ಕರಗಿ ಯಾವುದೋ ಲಿಪಿಯಂತಾಗಿದ್ದವು. ಪಕ್ಕದವರ ಕೈ ಅಪ್ಪನ ಭುಜದೊಳಗೆ ಸೇರಿಹೋಗಿತ್ತು. ಅಪ್ಪನ ಅಂಗಿಗೆ ತಂತ್ರಾಂಶ ಹಚ್ಚಿದ ನೀಲಿ ಬಣ್ಣ ಬರೀ ಊಹೆ. ಅಮ್ಮ ಅದು ಖಾಕಿ ಎಂದಳು. ಇಷ್ಟೆಲ್ಲ ಎದುರಿಗಿದ್ದರೂ ಪ್ರೀತಿಯಿಂದ ನೋಡುವವರ ಕಣ್ಣಿಗೆ ಬೀಳುವುದಿಲ್ಲ. ನನಗೇ ಬಿದ್ದಿರಲಿಲ್ಲ.

‘ಎಐ ಸಹಾಯದಿಂದ’ ಎಂಬ ನನ್ನ ಸಾಲು ಎಲ್ಲಿ ಸೋತಿತು ಎಂದು ಆಗ ಯೋಚಿಸಿದೆ. ಮೊದಲನೆಯದು, ಅದು ಇದ್ದ ಜಾಗ. ವಿವರಣೆಯನ್ನು ಬಿಡಿಸಿ ಓದುವವರು ಕಡಿಮೆ. ವಾಟ್ಸಾಪಿನಲ್ಲಿ ತುಣುಕಾಗಿ ಹೋದಾಗ ವಿವರಣೆ ಜೊತೆಗೆ ಹೋಗುವುದೇ ಇಲ್ಲ. ಎರಡನೆಯದು, ಅದು ಏನನ್ನೂ ಹೇಳುತ್ತಿರಲಿಲ್ಲ. ಗದ್ದಲ ತೆಗೆದದ್ದೂ ಎಐ ಸಹಾಯವೇ, ಸತ್ತವರ ಬಾಯಲ್ಲಿ ಹೊಸ ಮಾತು ಆಡಿಸಿದ್ದೂ ಎಐ ಸಹಾಯವೇ. ನೋಡುವವರಿಗೆ ಬೇಕಿದ್ದದ್ದು ಯಂತ್ರದ ಹೆಸರಲ್ಲ. ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬ ವಿವರ.

ಮಗಳು ಎರಡು ಪ್ರಸಂಗ ಹೇಳಿದಳು. ಅಮೆರಿಕದ ಆಂಥನಿ ಬೋರ್ಡೈನ್ ಎಂಬ ಅಡುಗೆಯ ಬರಹಗಾರರ ಬಗ್ಗೆ 2021ರಲ್ಲಿ ‘ರೋಡ್‌ರನ್ನರ್’ ಎಂಬ ಸಾಕ್ಷ್ಯಚಿತ್ರ ಬಂತು. ಅವರು ಬರೆದಿದ್ದ ಕೆಲವು ಸಾಲುಗಳನ್ನು ನಿರ್ದೇಶಕರು ನಕಲಿ ಧ್ವನಿಯಲ್ಲಿ ಓದಿಸಿದ್ದರು. ಮಾತು ಸತ್ತವರದ್ದೇ. ಆದರೂ ಚಿತ್ರದಲ್ಲಿ ಎಲ್ಲೂ ಹೇಳದೆ, ಆಮೇಲೆ ಸಂದರ್ಶನದಲ್ಲಿ ಗೊತ್ತಾದದ್ದರಿಂದ ಪ್ರೇಕ್ಷಕರು ಸಿಟ್ಟಾದರು. 2024ರ ‘ಲಾಲ್ ಸಲಾಂ’ ಎಂಬ ತಮಿಳು ಚಿತ್ರದ ಒಂದು ಹಾಡಿಗೆ ಎ.ಆರ್. ರೆಹಮಾನ್ ತೀರಿಕೊಂಡ ಇಬ್ಬರು ಗಾಯಕರ ಧ್ವನಿಯನ್ನು ಮರುಸೃಷ್ಟಿಸಿದರು. ಕುಟುಂಬದವರ ಅನುಮತಿ ಪಡೆದು ಸಂಭಾವನೆ ಕೊಟ್ಟಿದ್ದೇವೆ ಎಂದು ಅವರೇ ತಿಳಿಸಿದರು. ಚರ್ಚೆ ಅಲ್ಲೂ ನಡೆಯಿತು. ಆದರೆ ಮೋಸ ಹೋದೆವು ಎಂದು ಯಾರೂ ಹೇಳುವಂತಿರಲಿಲ್ಲ.

ನನ್ನ ಭಯ ಬೇರೆ. ‘ಇದು ನಕಲು’ ಎಂದು ಮುಂಚೆಯೇ ಹೇಳಿಬಿಟ್ಟರೆ ಯಾರು ತಾನೇ ಕೇಳುತ್ತಾರೆ? ಅದಕ್ಕೆ ಅಮ್ಮ ನಕ್ಕಳು. “ಭದ್ರಾವತಿ ಆಕಾಶವಾಣಿಯಲ್ಲಿ ನಾಟಕ ಶುರುವಾಗೋ ಮುಂಚೆ ಯಾರ್ಯಾರ ಪಾತ್ರ ಯಾರ್ಯಾರು ಮಾಡ್ತಾರೆ ಅಂತ ಓದ್ತಿದ್ರಲ್ಲ? ಅಷ್ಟು ಕೇಳಿಸ್ಕೊಂಡ್ರೂ ನೀನು ಅಳ್ತಿರಲಿಲ್ವಾ?”

ನಿಜ. ನಮ್ಮೂರಿಗೆ 1965ರಲ್ಲಿ ಬಂದ ಆಕಾಶವಾಣಿ ನಮಗೆ ಅದನ್ನು ಎಂದೋ ಕಲಿಸಿತ್ತು. ರಾಜನ ಪಾತ್ರ ಮಾಡಿದವರು ರಾಜರಲ್ಲ ಎಂದು ಗೊತ್ತಿದ್ದೇ ನಾವು ಅತ್ತದ್ದು.

ಯೂಟ್ಯೂಬಿನಲ್ಲಿ ಒಮ್ಮೆ ಹಾಕಿದ ವಿಡಿಯೊದ ಜಾಗದಲ್ಲಿ ಅದೇ ಕೊಂಡಿಗೆ ಇನ್ನೊಂದನ್ನು ಕೂರಿಸಲು ಬರುವುದಿಲ್ಲ. ಹಾಗಾಗಿ ಹಳೆಯದನ್ನು ತೆಗೆದು ಹೊಸದಾಗಿ ಕಟ್ಟಿದೆವು. ಏನಿರಬೇಕು ಎಂಬುದಕ್ಕೆ ಚಿಕ್ಕಪ್ಪನೇ ಕಟ್ಟಳೆ ಹಾಕಿದ. “ಅಣ್ಣ ಬರೆದದ್ದನ್ನು ಅಣ್ಣನ ಧ್ವನಿಯಲ್ಲಿ ಓದಿಸು, ಬೇಡ ಅನ್ನಲ್ಲ. ಬರೆಯದೇ ಇದ್ದದ್ದು ಒಂದಕ್ಷರವೂ ಬೇಡ.” ಅಮ್ಮ, ಚಿಕ್ಕಪ್ಪ, ತಮ್ಮ ಮೂವರೂ ಒಪ್ಪಿದ ಮೇಲೆ ನಕಲು ಧ್ವನಿಯನ್ನು ಆ ಪತ್ರ ಓದುವ ಐವತ್ತು ಸೆಕೆಂಡಿಗೆ ಮಾತ್ರ ಇಟ್ಟುಕೊಂಡೆವು. ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ್ದು, ಕೆಮ್ಮಣ್ಣುಗುಂಡಿಯಿಂದ ಅದಿರು ಬರುತ್ತಿದ್ದದ್ದು, ಇಂಥ ವಿಷಯಗಳನ್ನೆಲ್ಲ ನನ್ನ ಒಡಕು ದನಿಯಲ್ಲೇ ಹೇಳಿದೆ. ರಾತ್ರಿ ಪಾಳಿಯ ಕಥೆಗೆ ಕ್ಯಾಸೆಟ್ಟನ್ನೇ ಹಾಕಿದೆ. ಫ್ಯಾನಿನ ಸದ್ದು ಸ್ವಲ್ಪ ಉಳಿಯಲಿ ಎಂದು ಬಿಟ್ಟೆ.

ಆಮೇಲೆ ಸೂಚನೆಗಳು. ಆರಂಭದಲ್ಲಿ ನಾನೇ ಮಾತಾಡುತ್ತೇನೆ: “ಈ ವಿಡಿಯೊದಲ್ಲಿ ಅಪ್ಪನ ಧ್ವನಿ ಎರಡು ಕಡೆ ಬರುತ್ತದೆ. ಕ್ಯಾಸೆಟ್ಟಿನದು ಅವರದೇ. ಪತ್ರ ಓದುವುದು ಕಂಪ್ಯೂಟರ್ ಮಾಡಿದ ನಕಲು. ಪತ್ರ ಮಾತ್ರ ಅವರು ಬರೆದದ್ದೇ.” ಹತ್ತು ಹನ್ನೆರಡು ಸೆಕೆಂಡಿನ ಮಾತು. ಪತ್ರದ ಭಾಗ ಬಂದಾಗ ಪರದೆಯ ಕೆಳಗೆ ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರದಲ್ಲಿ ‘ಧ್ವನಿ ನಕಲು, ಮಾತು ಅಪ್ಪನ ಪತ್ರದ್ದು’ ಎಂದು ಐವತ್ತು ಸೆಕೆಂಡೂ ನಿಲ್ಲುತ್ತದೆ. ಅದು ಚಿತ್ರದೊಳಗೇ ಸೇರಿರುವುದರಿಂದ ತುಣುಕು ಮಾಡಿ ಕಳಿಸಿದರೂ ಜೊತೆಗೆ ಹೋಗುತ್ತದೆ. ಕ್ಯಾಸೆಟ್ ಬರುವಾಗ ‘1988ರ ಧ್ವನಿಮುದ್ರಣ, ಗದ್ದಲ ಕಡಿಮೆ ಮಾಡಿದೆ’ ಎಂದಿದೆ. ಫೋಟೊವನ್ನು ಮೊದಲು ಇದ್ದ ಹಾಗೇ ಐದು ಸೆಕೆಂಡು ತೋರಿಸಿ, ಆಮೇಲೆ ಬಣ್ಣದ್ದನ್ನು ‘ಬಣ್ಣ ನಮ್ಮ ಊಹೆ’ ಎಂಬ ಸಾಲಿನೊಂದಿಗೆ ಇಟ್ಟೆವು. ತಲೆ ತಿರುಗಿಸುವ ಚಿತ್ರವನ್ನು ತೆಗೆದೇಬಿಟ್ಟೆವು. ಎಷ್ಟು ದೊಡ್ಡ ಅಕ್ಷರ ಹಾಕಿದರೂ ಮಕ್ಕಳ ಮನಸ್ಸಿನಲ್ಲಿ ಅಜ್ಜ ಹಾಗೇ ನಕ್ಕಿದ್ದರೆಂದು ಉಳಿದುಬಿಡುತ್ತದೆ.

ಎಲ್ಲಕ್ಕೂ ಸೂಚನೆ ಹಾಕಲಿಲ್ಲ. ಬೆಳಕು ಹೆಚ್ಚಿಸಿದ್ದು, ಅಂಚು ಕತ್ತರಿಸಿದ್ದು, ನಾನು ತಡವರಿಸಿದ್ದನ್ನು ತೆಗೆದದ್ದು ನೋಡುವವರನ್ನು ದಾರಿ ತಪ್ಪಿಸುವುದಿಲ್ಲ. ಅದಕ್ಕೂ ಪಟ್ಟಿ ಹಾಕಿದರೆ ಜನ ಪಟ್ಟಿ ಓದುವುದನ್ನೇ ಬಿಡುತ್ತಾರೆ. ಯೂಟ್ಯೂಬ್ ಕೂಡ 2024ರಿಂದ ಹೆಚ್ಚುಕಡಿಮೆ ಹೀಗೇ ಗೆರೆ ಎಳೆದಿದೆ. ಬಣ್ಣ, ಬೆಳಕು ಸರಿಮಾಡಿದ್ದನ್ನು ಹೇಳಬೇಕಿಲ್ಲ. ನಿಜವಾದ ವ್ಯಕ್ತಿ ಆಡದ್ದನ್ನು ಆಡಿದಂತೆ ತೋರಿಸಿದರೆ ವಿಡಿಯೊ ಹಾಕುವಾಗಲೇ ಒಪ್ಪಿಕೊಳ್ಳಬೇಕು. ಅಲ್ಲಿನ `Altered content` ಪ್ರಶ್ನೆಗೆ ಈ ಸಲ ‘ಹೌದು’ ಒತ್ತಿದೆ. 2026ರ ಫೆಬ್ರವರಿ 20ರಿಂದ ಜಾರಿಯಾದ ಕೇಂದ್ರದ ನಿಯಮವೂ ಇಂಥ ಕೃತಕ ಧ್ವನಿ, ದೃಶ್ಯಗಳಿಗೆ ಎದ್ದು ಕಾಣುವ ಸೂಚನೆ ಇರಬೇಕೆನ್ನುತ್ತದೆ. ಆದರೆ ಯೂಟ್ಯೂಬಿನ ಗುರುತು ಬದಲಿಸಲಾಗಿದೆ ಎಂದಷ್ಟೇ ಹೇಳುತ್ತದೆ. ಎಲ್ಲಿ, ಎಷ್ಟು ಎಂದು ಹೇಳುವ ಕೆಲಸ ನಮ್ಮದೇ.

ಹಾಕುವ ಮುಂಚೆ ಪರೀಕ್ಷೆ ಮಾಡಿದೆವು. ಪಕ್ಕದ ಮನೆಯವರಿಗೆ ಸದ್ದು ನಿಲ್ಲಿಸಿ ಫೋನಿನಲ್ಲಿ ತೋರಿಸಿದೆ. ಅಮ್ಮನಿಗೆ ಚಿತ್ರವಿಲ್ಲದೆ ಕೇಳಿಸಿದೆ. ಇಬ್ಬರಿಗೂ ಒಂದೇ ಪ್ರಶ್ನೆ: ಅಪ್ಪನ ನಿಜವಾದ ಧ್ವನಿ ಯಾವುದು? ಪಕ್ಕದವರು ಪಟ್ಟಿ ನೋಡಿ ಸರಿಯಾಗಿ ಹೇಳಿದರು. ಅಮ್ಮ ತಪ್ಪಿದಳು. ಪತ್ರ ಬರುವಷ್ಟರಲ್ಲಿ ಆರಂಭದ ಮಾತು ಮರೆತುಹೋಗಿತ್ತು. ಹಾಗಾಗಿ ಪತ್ರ ಶುರುವಾಗುವ ಮುಂಚೆ “ಇನ್ನು ನಕಲು ಧ್ವನಿಯಲ್ಲಿ ಪತ್ರ” ಎಂದು ನನ್ನ ದನಿಯನ್ನು ಮತ್ತೊಮ್ಮೆ ಸೇರಿಸಿದೆವು.

ಹೊಸ ವಿಡಿಯೊ ಜೊತೆಗೆ, ಮೊದಲಿನದರಲ್ಲಿ ಟೀಯ ಮಾತು ನಾನು ಬರೆದದ್ದು, ಅದು ತಪ್ಪು ಎಂದು ಹಳೆಯದು ಹೋಗಿದ್ದ ಗುಂಪುಗಳಿಗೆ ಬರೆದು ಕಳಿಸಿದೆ. ಒಂದಿಬ್ಬರು ಬೈದರು. ಮೊದಲಿನಷ್ಟು ಜನ ನೋಡಲೂ ಇಲ್ಲ. ಚಿಕ್ಕಪ್ಪ ನಮ್ಮ ಮನೆಯಲ್ಲೇ ಕೂತು ನೋಡಿದ. ಪತ್ರದ ಕೊನೆಯಲ್ಲಿ ಅಪ್ಪ ‘ಹಣ ಸಾಲದಿದ್ದರೆ ಬರಿ, ಚಿಕ್ಕಪ್ಪನ ಹತ್ತಿರ ಕೇಳುತ್ತೇನೆ’ ಎಂದು ಬರೆದಿದ್ದರು. ಕೆಳಗೆ ‘ಧ್ವನಿ ನಕಲು’ ಎಂಬ ಪಟ್ಟಿ ಇದ್ದಂತೆಯೇ ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

ಕ್ಯಾಂಟೀನಿನ ಹಿರಿಯರಿಂದ ವಾಟ್ಸಾಪಿನಲ್ಲಿ ಒಂದು ಧ್ವನಿ ಸಂದೇಶ ಬಂತು. ಮಳೆಗಾಲದ ರಾತ್ರಿ ಟೀ ಕ್ಯಾನ್ ಹೊತ್ತು ಹೋಗುತ್ತಿದ್ದ ಕಥೆ, ನಡುನಡುವೆ ಕೆಮ್ಮು. ಅವರ ಒಪ್ಪಿಗೆ ಕೇಳಿ ಮುಂದಿನ ವಿಡಿಯೊದಲ್ಲಿ ಹಾಕುತ್ತಿದ್ದೇನೆ. ಪಟ್ಟಿಯೂ ಸಿದ್ಧವಾಗಿದೆ: ‘ಅವರದೇ ಧ್ವನಿ, ಅವರದೇ ಮಾತು. ಏನನ್ನೂ ತಿದ್ದಿಲ್ಲ.’